ನಾಲ್ಕು ಗಂಟೆ ದಾಟಿದ ಮೇಲೆ ನಾಚಿಕೆ ಬೇಡ

ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಎದೆನೋವಿನವರು ಓಡಿ ಬರುತ್ತಾರೆ, ಹಾವು ಕಚ್ಚಿದವರನ್ನು ಊರವರು ಹೊತ್ತು ತರುತ್ತಾರೆ. ಶಿಶ್ನ ನಿಮಿರಿ ಗಂಟೆಗಟ್ಟಲೆ ಇಳಿಯದೆ ನೋಯುತ್ತಿರುವವನು ಮಾತ್ರ ಒಬ್ಬನೇ ಬರುತ್ತಾನೆ, ಅದೂ ತೀರ ತಡವಾಗಿ. ಅರ್ಧ ದಿನ ಕಳೆದ ಮೇಲೆ, ಒಂದು ದಿನ ಕಳೆದ ಮೇಲೆ, ಕೆಲವೊಮ್ಮೆ ಮೂರನೆಯ ದಿನ. ಅಷ್ಟು ಹೊತ್ತು ಅವನು ಬಚ್ಚಲಲ್ಲಿ ತಣ್ಣೀರು ಸುರಿದುಕೊಂಡಿರುತ್ತಾನೆ, ಮೊಬೈಲಿನಲ್ಲಿ ಹುಡುಕಿರುತ್ತಾನೆ, ಮನೆಯವರಿಗೆ ಹೊಟ್ಟೆನೋವೆಂದು ಹೇಳಿರುತ್ತಾನೆ.

ಈ ಸ್ಥಿತಿಗೆ ವೈದ್ಯರು ಪ್ರಿಯಾಪಿಸಂ ಎನ್ನುತ್ತಾರೆ. ಆಸೆ ಇರಲಿ ಇಲ್ಲದಿರಲಿ, ವೀರ್ಯಸ್ಖಲನವಾಗಿರಲಿ ಆಗದಿರಲಿ, ನಿಮಿರುವಿಕೆ 4 ಗಂಟೆಗಿಂತ ಹೆಚ್ಚು ಹೊತ್ತು ಹಾಗೆಯೇ ನಿಂತುಬಿಟ್ಟರೆ ಅದು ಪ್ರಿಯಾಪಿಸಂ. ಗೆಳೆಯರ ನಡುವೆ ಮಾತು ಬಂದರೆ ನಗೆಯಾಡುವ ವಿಷಯ. ‘ಅದೃಷ್ಟವಂತ’ ಎನ್ನುವವರೂ ಇದ್ದಾರೆ. ಆದರೆ ಗಂಡಸುತನಕ್ಕಾಗಲಿ ಕಾಮದ ಹೆಚ್ಚು ಕಡಿಮೆಗಾಗಲಿ ಇದರೊಂದಿಗೆ ಸಂಬಂಧವಿಲ್ಲ. ನಿಮಿರಿದ್ದನ್ನು ಇಳಿಸುವ ವ್ಯವಸ್ಥೆ ದೇಹದಲ್ಲಿ ಬೇರೆಯೇ ಇದೆ. ಕೆಟ್ಟು ನಿಂತಿರುವುದು ಅದು.

ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಶಿಶ್ನದೊಳಗೆ ಉದ್ದಕ್ಕೂ ಅಕ್ಕಪಕ್ಕದಲ್ಲಿ ಎರಡು ಕೊಳವೆಗಳಿವೆ. ಒಳಗೆಲ್ಲ ಸಣ್ಣ ಸಣ್ಣ ರಕ್ತದ ಗೂಡುಗಳು. ಗೂಡುಗಳ ಗೋಡೆಯಲ್ಲಿ ನಮ್ಮ ಇಚ್ಛೆಗೆ ಸಿಗದ, ತಾನಾಗಿಯೇ ಕೆಲಸ ಮಾಡುವ ಸ್ನಾಯು. ಇವೆರಡರ ಕೆಳಗೆ ಮೂತ್ರನಾಳವನ್ನು ಹೊತ್ತ ಮೂರನೆಯ ಕೊಳವೆಯೊಂದಿದ್ದು, ಅದೇ ಮುಂದೆ ಹಿಗ್ಗಿ ಶಿಶ್ನದ ತುದಿಯಾಗುತ್ತದೆ. ದಿನದ ಬಹುಪಾಲು ಈ ಸ್ನಾಯು ಬಿಗಿದುಕೊಂಡೇ ಇರುತ್ತದೆ. ನರಗಳ ತುದಿಯಿಂದ ಒಸರುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಅದನ್ನು ಬಿಗಿಯಾಗಿಟ್ಟಿರುತ್ತದೆ. ಅಂದರೆ ಶಿಶ್ನ ಸಡಿಲವಾಗಿದ್ದಾಗ ಒಳಗಿನ ಸ್ನಾಯು ದುಡಿಯುತ್ತಿರುತ್ತದೆ, ನಿಮಿರಿದಾಗ ಅದಕ್ಕೆ ವಿರಾಮ. ಕೇಳಲು ತಲೆಕೆಳಗಾಗಿ ತೋರುತ್ತದೆ, ಆದರೆ ವಿಷಯ ಹಾಗೆಯೇ ಇದೆ.

ಉದ್ರೇಕವಾದಾಗ ಬೇರೆ ನರಗಳು ನೈಟ್ರಿಕ್ ಆಕ್ಸೈಡನ್ನು ಬಿಡುತ್ತವೆ. ಸ್ನಾಯು ಸಡಿಲವಾಗುತ್ತದೆ, ಗೂಡುಗಳಿಗೆ ರಕ್ತ ನುಗ್ಗುತ್ತದೆ. ಹೀಗೆ ಉಬ್ಬಿದ ಗೂಡುಗಳು ಹೊರಗಿನ ಗಟ್ಟಿ ಪೊರೆಗೆ ಒತ್ತಿಕೊಂಡಾಗ, ನಡುವೆ ಹಾದುಹೋಗುವ ರಕ್ತನಾಳಗಳು ಅಪ್ಪಚ್ಚಿಯಾಗಿ ಹೊರದಾರಿ ಮುಚ್ಚುತ್ತದೆ. ತೂಬು ಮುಚ್ಚಿದ ಕೆರೆ ತುಂಬುವ ಹಾಗೆ ಶಿಶ್ನ ತುಂಬಿ ಗಟ್ಟಿಯಾಗುತ್ತದೆ. ಕೆಲಸ ಮುಗಿದ ಮೇಲೆ ನಾರ್‌ಅಡ್ರಿನಲಿನ್ ಮತ್ತೆ ಬಂದು ಸ್ನಾಯುವನ್ನು ಬಿಗಿಯಬೇಕು, ಗೂಡು ಕುಗ್ಗಬೇಕು, ತೂಬು ತೆರೆದು ರಕ್ತ ಹರಿದುಹೋಗಬೇಕು. ಈ ಕೊನೆಯ ಹೆಜ್ಜೆ ನಡೆಯದೆ ಹೋದಾಗ ಆಗುವುದೇ ಪ್ರಿಯಾಪಿಸಂ.

ರಕ್ತ ಅಲ್ಲೇ ನಿಂತರೆ ಏನಾಯಿತು ಎಂದು ಕೇಳಬಹುದು. ಒಳಗಿನ ಒತ್ತಡ ಏರುತ್ತ ಹೋದಂತೆ ಹೊಸ ರಕ್ತ ಬರುವುದೂ ನಿಲ್ಲುತ್ತದೆ. ಒಳಗಿರುವ ರಕ್ತದ ಆಮ್ಲಜನಕವನ್ನು ಅಂಗಾಂಶ ಹೀರಿ ಮುಗಿಸುತ್ತದೆ. ಇಂಗಾಲದ ಡೈಆಕ್ಸೈಡು, ಆಮ್ಲ ಶೇಖರವಾಗುತ್ತವೆ. ಶುದ್ಧ ರಕ್ತದಲ್ಲಿ ಆಮ್ಲಜನಕದ ಒತ್ತಡ 90 ಮಿಲಿಮೀಟರಿಗಿಂತ ಮೇಲಿರುತ್ತದೆ. ಪ್ರಿಯಾಪಿಸಂನಲ್ಲಿ ಸೂಜಿಯಿಂದ ತೆಗೆದ ರಕ್ತದಲ್ಲಿ ಅದು 30ಕ್ಕಿಂತ ಕೆಳಗಿಳಿದಿರುತ್ತದೆ. ನೋವು ಹುಟ್ಟುವುದು ಇಲ್ಲಿಂದ. ಉಸಿರುಗಟ್ಟಿದ ಹೃದಯದ ಸ್ನಾಯು ನೋಯುವುದಕ್ಕೂ ಇದಕ್ಕೂ ಮೂಲ ಒಂದೇ.

ಇದರಲ್ಲೊಂದು ಕ್ರೂರವಾದ ಸುಳಿಯಿದೆ. ಬಿಗಿದುಕೊಂಡು ರಕ್ತವನ್ನು ಹೊರಹಾಕಬೇಕಾದ ಸ್ನಾಯುವೇ ಈ ಆಮ್ಲದಲ್ಲಿ ನೆನೆಯುತ್ತಿರುತ್ತದೆ. ಆಮ್ಲ ಹೆಚ್ಚಿದಷ್ಟೂ ಅದಕ್ಕೆ ಬಿಗಿಯುವ ಶಕ್ತಿ ಕುಂದುತ್ತದೆ, ಔಷಧಿ ಕೊಟ್ಟರೂ ಸ್ಪಂದಿಸುವುದಿಲ್ಲ. ಸುಮಾರು 12 ಗಂಟೆಯ ಹೊತ್ತಿಗೆ ಅಂಗಾಂಶದಲ್ಲಿ ನೀರು ತುಂಬಿ ಬಾವು ಕಾಣಿಸುತ್ತದೆ. 24 ಗಂಟೆಗೆ ಗೂಡುಗಳ ಒಳಪದರ ಹಾಳಾಗಿ ರಕ್ತ ಹೆಪ್ಪುಗಟ್ಟತೊಡಗುತ್ತದೆ. 48 ಗಂಟೆ ದಾಟಿದರೆ ಸ್ನಾಯು ಸತ್ತು ಆ ಜಾಗದಲ್ಲಿ ನಾರು ಬೆಳೆಯುತ್ತದೆ. ನಾರಿಗೆ ಸಡಿಲವಾಗುವುದು ಗೊತ್ತಿಲ್ಲ, ಹಾಗಾಗಿ ಮುಂದೆಂದೂ ಸಹಜವಾಗಿ ನಿಮಿರುವುದಿಲ್ಲ. 36 ಗಂಟೆ ಮೀರಿ ಉಳಿದ ಪ್ರಿಯಾಪಿಸಂನ ನಂತರ ನಿಮಿರುವ ಶಕ್ತಿ ಮರಳಿ ಬರುವ ಸಂಭವ ತೀರ ಕಡಿಮೆ. ನಿಮಿರಿದ್ದು ಇಳಿಯುತ್ತಿಲ್ಲವೆಂದು ಕೂತವನು ಕೊನೆಗೆ ಕಳೆದುಕೊಳ್ಳುವುದು ನಿಮಿರುವ ಶಕ್ತಿಯನ್ನೇ.

ಒಂದು ಪ್ರಸಂಗವನ್ನು ಗಂಟೆ ಗಂಟೆಯಾಗಿ ನೋಡೋಣ. ಇದು ಯಾರೋ ಒಬ್ಬ ನಿರ್ದಿಷ್ಟ ವ್ಯಕ್ತಿಯ ಕಥೆಯಲ್ಲ. ಇಂಥ ತೊಂದರೆ ಸಾಮಾನ್ಯವಾಗಿ ಸಾಗುವ ದಾರಿಯನ್ನು ತೋರಿಸಲು ಹೆಣೆದದ್ದು. 38 ವರ್ಷದ ಅಂಗಡಿಕಾರ, ಸಾಲದ ಚಿಂತೆ, ತಿಂಗಳುಗಟ್ಟಲೆ ನಿದ್ದೆಯಿಲ್ಲ. ಮನೋವೈದ್ಯರು ರಾತ್ರಿ ಮಲಗುವಾಗ ಟ್ರಾಜೊಡೋನ್ 50 ಮಿಲಿಗ್ರಾಂ ಬರೆದರು, ವಾರದ ನಂತರ ಅದನ್ನು 100ಕ್ಕೆ ಏರಿಸಿದರು. ನಿದ್ದೆ ಚೆನ್ನಾಗಿ ಬರತೊಡಗಿತು. ಮೂರನೆಯ ವಾರದಲ್ಲೊಂದು ರಾತ್ರಿ ಎರಡೂವರೆಗೆ ಎಚ್ಚರವಾದಾಗ ಶಿಶ್ನ ನಿಮಿರಿತ್ತು. ಅದರಲ್ಲೇನೂ ವಿಶೇಷವಿಲ್ಲ, ನಿದ್ದೆಯಲ್ಲಿ ಎಲ್ಲ ಗಂಡಸರಿಗೂ ಹಲವು ಬಾರಿ ಹಾಗಾಗುತ್ತದೆ. ಅವನು ಮೂತ್ರ ಮಾಡಿ ಬಂದು ಮಲಗಿದ. ನಾಲ್ಕಕ್ಕೆ ಮತ್ತೆ ಎಚ್ಚರವಾದಾಗಲೂ ಹಾಗೆಯೇ ಇತ್ತು, ಈಗ ಬಿಗಿತ ಹೆಚ್ಚಾಗಿ ನೋವು ಶುರುವಾಗಿತ್ತು. ಆರಕ್ಕೆ ತಣ್ಣೀರಿನ ಸ್ನಾನ. ಸ್ಖಲನವಾದರೆ ಇಳಿಯಬಹುದೆಂದು ಅದನ್ನೂ ಮಾಡಿ ನೋಡಿದ. ನೋವು ಇನ್ನಷ್ಟು ಹೆಚ್ಚಿತು.

ಆರೂವರೆಗೆ 4 ಗಂಟೆ ತುಂಬಿತು. ಆಗಲೇ ಹೊರಟಿದ್ದರೆ ಕೆಲಸ ಬಹಳ ಸುಲಭವಾಗುತ್ತಿತ್ತು. ಅವನು ಲುಂಗಿ ಸಡಿಲವಾಗಿ ಉಟ್ಟು ಹೊಟ್ಟೆನೋವೆಂದು ಮಲಗಿದ. ಹೆಂಡತಿ ಓಮಿನ ಕಷಾಯ ಮಾಡಿ ಕೊಟ್ಟಳು. ಹತ್ತು ಗಂಟೆಗೆ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತರಿಸಿ ನುಂಗಿದ. ಮಧ್ಯಾಹ್ನ ಆಸ್ಪತ್ರೆಗೆ ಹೋದವನು ಚೀಟಿ ಮಾಡಿಸುವಲ್ಲಿ ಹೇಳಿದ್ದು “ಯೂರಿನ್ ಪ್ರಾಬ್ಲಂ” ಎಂದು. ಕೌಂಟರಿನಲ್ಲಿ ಹೆಣ್ಣುಮಗಳೊಬ್ಬಳು ಕೂತಿದ್ದಳು, ಹಿಂದೆ ಜನ ನಿಂತಿದ್ದರು, ಮತ್ತೇನು ಹೇಳಿಯಾನು? ಆ ಎರಡು ಪದ ಅವನನ್ನು ಹೊರರೋಗಿಗಳ ಸಾಲಿನಲ್ಲಿ ಕೂರಿಸಿತು. ಮೂತ್ರರೋಗ ವೈದ್ಯರು ಅವನನ್ನು ನೋಡುವ ಹೊತ್ತಿಗೆ ಮೂರೂವರೆಯಾಗಿತ್ತು. ಎಚ್ಚರವಾದ ಗಳಿಗೆಯಿಂದ ಲೆಕ್ಕ ಹಾಕಿದರೂ 13 ಗಂಟೆ.

ಇಲ್ಲಿ ಎರಡು ಮಾತು ನಡುವೆ ಹೇಳಿಬಿಡುತ್ತೇನೆ. ಇಂಥ ಸಂದರ್ಭದಲ್ಲಿ ಹೊರರೋಗಿ ವಿಭಾಗದ ಸಾಲಿಗೆ ಹೋಗಬಾರದು, ನೇರ ತುರ್ತು ವಿಭಾಗಕ್ಕೆ ಹೋಗಬೇಕು. ಅಲ್ಲಿ ಹೇಳಬೇಕಾದದ್ದು ಇಷ್ಟೇ: “ನಿಮಿರಿದ್ದು ಇಳಿಯುತ್ತಿಲ್ಲ, ಇಷ್ಟು ಗಂಟೆಯಾಯಿತು, ನೋವಿದೆ.” ಬಾಯಿಂದ ಹೇಳಲಾಗದಿದ್ದರೆ ಕಾಗದದಲ್ಲಿ ‘ಪ್ರಿಯಾಪಿಸಂ, 5 ಗಂಟೆ’ ಎಂದು ಬರೆದು ಕೊಟ್ಟರೂ ಆಯಿತು. ಆ ಒಂದು ಪದಕ್ಕೆ ಡ್ಯೂಟಿ ವೈದ್ಯರು ಎದ್ದು ಬರುತ್ತಾರೆ. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಬೇಕು. ಸ್ವಂತ ಗಾಡಿ ಓಡಿಸಿಕೊಂಡು ಹೋಗುವ ಸಾಹಸ ಬೇಡ, 108ಕ್ಕೆ ಕರೆ ಮಾಡಲು ಇದು ಸಾಕಷ್ಟು ದೊಡ್ಡ ಕಾರಣ.

ವೈದ್ಯರು ಮೊದಲು ಕೈಯಿಂದ ಮುಟ್ಟಿ ನೋಡಿದರು. ದಂಡ ಪೂರ್ತಿ ಗಟ್ಟಿ, ಮುಟ್ಟಿದರೆ ನೋವು. ತುದಿ ಮಾತ್ರ ಮೆತ್ತಗಿತ್ತು. ಸಿಕ್ಕಿಬಿದ್ದಿರುವುದು ಮೇಲಿನ ಎರಡು ಕೊಳವೆಗಳ ರಕ್ತ, ಕೆಳಗಿನ ಮೂರನೆಯದು ತೆರೆದೇ ಇದೆ ಎಂಬುದಕ್ಕೆ ಇದು ಗುರುತು. ಅದೇ ಕಾರಣಕ್ಕೆ ಅವನಿಗೆ ಕಷ್ಟಪಟ್ಟಾದರೂ ಮೂತ್ರ ಮಾಡಲು ಆಗುತ್ತಿತ್ತು. ಮಾತ್ರೆಗಳ ವಿಚಾರ ಕೇಳಿದಾಗ ಟ್ರಾಜೊಡೋನ್ ಹೆಸರು ಬಂತು.

ಟ್ರಾಜೊಡೋನ್ ಕೆಟ್ಟ ಔಷಧಿಯಲ್ಲ. ಖಿನ್ನತೆಗೆ, ನಿದ್ರಾಹೀನತೆಗೆ ಲಕ್ಷಾಂತರ ಜನ ಅದನ್ನು ತೊಂದರೆಯಿಲ್ಲದೆ ತೆಗೆದುಕೊಳ್ಳುತ್ತಾರೆ. ಪ್ರಿಯಾಪಿಸಂ ಆಗುವುದು ಸಾವಿರಾರು ಗಂಡಸರಲ್ಲಿ ಒಬ್ಬರಿಗೆ, ಅದೂ ಹೆಚ್ಚಾಗಿ ಮಾತ್ರೆ ಶುರುಮಾಡಿದ ಮೊದಲ ತಿಂಗಳಲ್ಲಿ. ಸ್ನಾಯುವಿನ ಮೇಲೆ ನಾರ್‌ಅಡ್ರಿನಲಿನ್ ಬಂದು ಕೂರುವ ತಾಣಗಳಿಗೆ ಆಲ್ಫಾ ಗ್ರಾಹಕಗಳು ಎಂದು ಹೆಸರು. ಟ್ರಾಜೊಡೋನ್ ಆ ತಾಣಗಳನ್ನು ತಾನೇ ಆಕ್ರಮಿಸಿಬಿಡುತ್ತದೆ. ನಿದ್ದೆಯಲ್ಲಿ ಸಹಜವಾಗಿ ನಿಮಿರಿದ್ದನ್ನು ಇಳಿಸಬೇಕಾದ ಸಂದೇಶ ಸ್ನಾಯುವಿಗೆ ತಲುಪುವುದೇ ಇಲ್ಲ. ಸ್ಕಿಜೊಫ್ರೇನಿಯಾಕ್ಕೆ ಕೊಡುವ ಕ್ಲೋರ್‌ಪ್ರೊಮಜಿನ್, ರಿಸ್ಪೆರಿಡೋನ್, ಒಲಾಂಜಪಿನ್, ಕ್ವೆಟಿಯಾಪಿನ್ ಮುಂತಾದವೂ ಅಪರೂಪಕ್ಕೆ ಇದೇ ದಾರಿಯಲ್ಲಿ ಪ್ರಿಯಾಪಿಸಂ ತರುತ್ತವೆ. ರಕ್ತದೊತ್ತಡಕ್ಕೆ ಕೊಡುವ ಪ್ರಜೋಸಿನ್ ಕೂಡ ಅದೇ ಗುಂಪಿನದು. ಇದನ್ನು ಓದಿ ಯಾರೂ ಮನೋವೈದ್ಯರ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಹಾಗೆ ನಿಲ್ಲಿಸಿ ಕಾಯಿಲೆ ಮರುಕಳಿಸಿದರೆ ಆಗುವ ಅಪಾಯ ಇದಕ್ಕಿಂತ ಬಹಳ ದೊಡ್ಡದು. ಮಾಡಬೇಕಾದದ್ದು ಇಷ್ಟು: ಮಾತ್ರೆ ಶುರುವಾದ ಮೇಲೆ ನಿಮಿರುವಿಕೆ ಒಂದೆರಡು ಗಂಟೆ ಎಳೆದು ತಾನಾಗಿ ಇಳಿಯುವುದು ಕಂಡುಬಂದರೆ, ಅದನ್ನು ಮುನ್ಸೂಚನೆಯೆಂದು ತಿಳಿದು ಮುಂದಿನ ಮಾತ್ರೆಗೆ ಮೊದಲೇ ವೈದ್ಯರಿಗೆ ತಿಳಿಸಬೇಕು. ವಿಚಾರಿಸಿದಾಗ ನಮ್ಮ ಅಂಗಡಿಕಾರನಿಗೂ ಹಿಂದಿನ ವಾರ ಎರಡು ಬಾರಿ ಹಾಗಾಗಿತ್ತು. ಹೇಳಿಕೊಳ್ಳುವಂಥದ್ದಲ್ಲವೆಂದು ಸುಮ್ಮನಿದ್ದ.

ಚಿಕಿತ್ಸೆ ಅವನು ಹೆದರಿದಷ್ಟು ಭಯಂಕರವಾಗಿರಲಿಲ್ಲ. ಶಿಶ್ನದ ಬುಡದಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಆಮೇಲೆ ಪಕ್ಕದಿಂದ ಒಂದು ದಪ್ಪ ಸೂಜಿಯನ್ನು ಕೊಳವೆಯೊಳಗೆ ಸೇರಿಸಿ ಸಿರಿಂಜಿನಿಂದ ರಕ್ತ ಹೀರಿದರು. ಎರಡೂ ಕೊಳವೆಗಳ ನಡುವೆ ಸಂಪರ್ಕವಿರುವುದರಿಂದ ಸಾಮಾನ್ಯವಾಗಿ ಒಂದು ಕಡೆ ಚುಚ್ಚಿದರೆ ಸಾಕು. ಬಂದ ರಕ್ತ ಕಪ್ಪಾಗಿ, ಮಂದವಾಗಿತ್ತು. ಅದರ ಸ್ವಲ್ಪ ಭಾಗವನ್ನು ಆಮ್ಲಜನಕದ ಪರೀಕ್ಷೆಗೆ ಕಳಿಸಿದರು. ರಕ್ತ ಹೀರುವುದೇ ಅರ್ಧ ಚಿಕಿತ್ಸೆ: ಒತ್ತಡ ಇಳಿದು ನೋವು ತಗ್ಗುತ್ತದೆ, ಹೊಸ ರಕ್ತ ಒಳಗೆ ಬರಲು ಜಾಗವಾಗುತ್ತದೆ.

ಇನ್ನರ್ಧ ಫಿನೈಲ್‌ಎಫ್ರಿನ್ ಎಂಬ ಔಷಧಿ. ನಾರ್‌ಅಡ್ರಿನಲಿನ್ ಮಾಡಬೇಕಿದ್ದ ಕೆಲಸವನ್ನು ಇದು ಮಾಡುತ್ತದೆ, ಆಲ್ಫಾ ಗ್ರಾಹಕಗಳ ಮೇಲೆ ಕೂತು ಸ್ನಾಯುವನ್ನು ಬಿಗಿಯುತ್ತದೆ. ಒಂದು ಸಲಕ್ಕೆ 100ರಿಂದ 500 ಮೈಕ್ರೊಗ್ರಾಂನಷ್ಟನ್ನು ಸಲೈನಿನಲ್ಲಿ ಬೆರೆಸಿ ಅದೇ ಸೂಜಿಯ ಮೂಲಕ ಒಳಗೆ ಬಿಡುತ್ತಾರೆ, ಮೂರರಿಂದ ಐದು ನಿಮಿಷ ಕಾಯುತ್ತಾರೆ, ಇಳಿಯದಿದ್ದರೆ ಮತ್ತೆ ಕೊಡುತ್ತಾರೆ. ಹೀಗೆ ಸುಮಾರು ಒಂದು ಗಂಟೆಯವರೆಗೆ ಪ್ರಯತ್ನ ಸಾಗುತ್ತದೆ. ಈ ಔಷಧಿ ದೇಹಕ್ಕೆ ಹರಡಿದರೆ ರಕ್ತದೊತ್ತಡ ಏರಿ ಹೃದಯದ ಬಡಿತ ನಿಧಾನವಾಗಬಹುದು. ಹಾಗಾಗಿ ಬಿಪಿ ಪಟ್ಟಿ ಕಟ್ಟಿ, ಇಸಿಜಿ ಪರದೆ ನೋಡುತ್ತಲೇ ಕೊಡಬೇಕು. ನೆಗಡಿಯ ಎಷ್ಟೋ ಮಾತ್ರೆಗಳ ಹಿಂದೆ ಫಿನೈಲ್‌ಎಫ್ರಿನ್ ಎಂಬ ಹೆಸರು ಕಾಣುತ್ತದೆ. ಅದನ್ನು ನಾಲ್ಕಾರು ನುಂಗಿದರೆ ಆಯಿತಲ್ಲ ಎಂದುಕೊಳ್ಳುವವರಿಗೆ ಒಂದು ಮಾತು: ರಕ್ತ ಸಂಚಾರವೇ ನಿಂತಿರುವ ಜಾಗಕ್ಕೆ ಹೊಟ್ಟೆಯಿಂದ ಔಷಧಿ ಹೋಗಿ ಮುಟ್ಟುವುದಿಲ್ಲ, ಏರುವುದು ಬಿಪಿ ಮಾತ್ರ.

ನಾಲ್ಕನೆಯ ಸಲ ಔಷಧಿ ಹೋದ ಮೇಲೆ, ಶುರುಮಾಡಿದ ಮುಕ್ಕಾಲು ಗಂಟೆಯ ಹೊತ್ತಿಗೆ, ಬಿಗಿತ ಬಿಟ್ಟಿತು. ಸೂಜಿಯಲ್ಲಿ ಬರುತ್ತಿದ್ದ ಕಪ್ಪು ರಕ್ತದ ಬದಲು ಕೆಂಪು ರಕ್ತ ಬಂತು. ಪೂರ್ತಿ ಸಣ್ಣದಾಗಲಿಲ್ಲ, ಬಾವಿನಿಂದ ದಪ್ಪಗೇ ಇತ್ತು. ಹೀಗಿರುವಾಗ ಇಳಿದಿದೆಯೋ ಇಲ್ಲವೋ ಎಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಆಗ ಡಾಪ್ಲರ್ ಸ್ಕ್ಯಾನಿನಲ್ಲಿ ರಕ್ತ ಸಂಚಾರವನ್ನು ನೋಡಿ ಖಚಿತ ಮಾಡಿಕೊಳ್ಳುತ್ತಾರೆ. ರಾತ್ರಿಯಿಡೀ ಇರಿಸಿಕೊಂಡು, ಮತ್ತೆ ನಿಮಿರಿ ನಿಲ್ಲಲಿಲ್ಲವೆಂದು ನೋಡಿ ಮನೆಗೆ ಕಳಿಸಿದರು. ಮನೋವೈದ್ಯರು ಮಾತ್ರೆ ಬದಲಿಸಿದರು. ಮುಂದೆ ಯಾವ ವೈದ್ಯರ ಬಳಿ ಹೋದರೂ ‘ಟ್ರಾಜೊಡೋನ್‌ನಿಂದ ಪ್ರಿಯಾಪಿಸಂ ಆಗಿತ್ತು’ ಎಂದು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರು. ಒಂದೆರಡು ತಿಂಗಳು ಅವನಿಗೆ ಸರಿಯಾಗಿ ನಿಮಿರುತ್ತಿರಲಿಲ್ಲ. ಆಮೇಲೆ ಬಹುಮಟ್ಟಿಗೆ ಸರಿಹೋಯಿತು. ಅದೇ ಮಾರನೆಯ ದಿನ ಬಂದಿದ್ದರೆ ಸೂಜಿಯ ಕೆಲಸ ವಿಫಲವಾಗಿ ಆಪರೇಷನ್ ಬೇಕಾಗುವ ಸಾಧ್ಯತೆ ಹೆಚ್ಚಿತ್ತು. ಅದರಲ್ಲಿ ಶಿಶ್ನದ ತುದಿಯ ಮೂಲಕ ರಂಧ್ರ ಮಾಡಿ, ಸಿಕ್ಕಿಬಿದ್ದ ರಕ್ತ ಮೂರನೆಯ ಕೊಳವೆಗೆ ಹರಿದುಹೋಗಲು ದಾರಿ ಬಿಡಿಸುತ್ತಾರೆ. ನೋವು ಹೋಗುತ್ತದೆ, ಆದರೆ ಆಗಲೇ ಸತ್ತ ಸ್ನಾಯು ಮರಳಿ ಬರುವುದಿಲ್ಲ. ಎರಡು ಮೂರು ದಿನ ಕಳೆದು ಬಂದವರಿಗೆ ಕೆಲವೊಮ್ಮೆ ಆರಂಭದಲ್ಲೇ ಕೃತಕ ದಂಡ ಅಳವಡಿಸುವ ಮಾತನ್ನು ವೈದ್ಯರು ಎತ್ತುತ್ತಾರೆ. ನಾರು ಬೆಳೆದು ಅಂಗ ಕುಗ್ಗಿದ ಮೇಲೆ ಅದನ್ನು ಕೂರಿಸುವುದು ಬಹಳ ಕಷ್ಟ.

ಇದು ವೈದ್ಯರು ಬರೆದ ಮಾತ್ರೆಯಿಂದ ಆದದ್ದು. ಉದ್ದೇಶಪೂರ್ವಕವಾಗಿ ನಿಮಿರಿಸಿಕೊಳ್ಳಲು ಹೋಗಿ ಸಿಕ್ಕಿಬೀಳುವವರು ಇನ್ನೊಂದು ದೊಡ್ಡ ಗುಂಪು. 1982ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ರೊನಾಲ್ಡ್ ವಿರಾಗ್, ಪಪಾವೆರಿನ್ ಎಂಬ ಔಷಧಿಯನ್ನು ನೇರವಾಗಿ ಶಿಶ್ನಕ್ಕೆ ಚುಚ್ಚಿದರೆ ನಿಮಿರುತ್ತದೆಂದು ಪ್ರಕಟಿಸಿದರು. ಮರುವರ್ಷ ಬ್ರಿಟನ್ನಿನ ಗೈಲ್ಸ್ ಬ್ರಿಂಡ್ಲಿ ಎಂಬ ವಿಜ್ಞಾನಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆದ ಮೂತ್ರರೋಗ ತಜ್ಞರ ಸಮ್ಮೇಳನಕ್ಕೆ ಮೊದಲೇ ತನಗೆ ತಾನೇ ಇಂಜೆಕ್ಷನ್ ಚುಚ್ಚಿಕೊಂಡು ಹೋಗಿ, ವೇದಿಕೆಯ ಮೇಲೆ ಪ್ಯಾಂಟು ಇಳಿಸಿ ಫಲಿತಾಂಶ ತೋರಿಸಿದರು. ವೈದ್ಯಲೋಕ ಇಂದಿಗೂ ಮರೆಯದ ಉಪನ್ಯಾಸವದು. ಅಲ್ಲಿಂದ ಮುಂದೆ ಈ ಇಂಜೆಕ್ಷನ್ ಚಿಕಿತ್ಸೆ ಜಗತ್ತಿನೆಲ್ಲೆಡೆ ಬಳಕೆಗೆ ಬಂತು, ಅದರ ಹಿಂದೆಯೇ ಪ್ರಿಯಾಪಿಸಂ ಕೂಡ. ಪಪಾವೆರಿನ್‌ನಲ್ಲಿ ಈ ಅಪಾಯ ಹೆಚ್ಚು, ನಂತರ ಬಂದ ಆಲ್ಪ್ರೊಸ್ಟಡಿಲ್‌ನಲ್ಲಿ ಕಡಿಮೆ.

ತಿಳಿದವರ ಕೈಯಲ್ಲಿ ಇದು ಸುರಕ್ಷಿತವೇ. ಮೊದಲ ಸಲ ಅತಿ ಸಣ್ಣ ಪ್ರಮಾಣವನ್ನು ಕ್ಲಿನಿಕ್ಕಿನಲ್ಲೇ ಚುಚ್ಚಿ, ಇಳಿಯುವವರೆಗೆ ಕೂರಿಸಿಕೊಂಡು, ಆಮೇಲೆ ಕಳಿಸಬೇಕು. ಒಂದು ಸಲ ಚುಚ್ಚಿದರೆ 24 ಗಂಟೆಯೊಳಗೆ ಮತ್ತೆ ಚುಚ್ಚಬಾರದು. 4 ಗಂಟೆಯಾದರೂ ಇಳಿಯದಿದ್ದರೆ ಎಲ್ಲಿಗೆ ಬರಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಮೊದಲೇ ಹೇಳಿರಬೇಕು. ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಗುಪ್ತರೋಗ ತಜ್ಞ’ರೆಂದು ಬರೆಸಿಕೊಂಡವರಲ್ಲಿ ಎಷ್ಟು ಜನ ಇದನ್ನು ಪಾಲಿಸಿಯಾರು ಎಂಬುದು ನನ್ನ ಅನುಮಾನ. ಏನು ಚುಚ್ಚಿದರು ಎಂಬುದೇ ರೋಗಿಗೆ ಗೊತ್ತಿರುವುದಿಲ್ಲ, ಸಂಜೆ ಬಾಗಿಲು ಹಾಕಿದ ಮೇಲೆ ಅಲ್ಲಿ ಫೋನ್ ಎತ್ತುವವರೂ ಇರುವುದಿಲ್ಲ.

ವಯಾಗ್ರದ ಹೆಸರು ಇಲ್ಲಿ ಬಂದೇ ಬರುತ್ತದೆ. ಸಿಲ್ಡೆನಾಫಿಲ್, ಟಡಾಲಾಫಿಲ್ ಮಾತ್ರೆಗಳ ಜತೆಯ ಕಾಗದದಲ್ಲೂ 4 ಗಂಟೆಯ ಎಚ್ಚರಿಕೆ ಇರುತ್ತದೆ. ಆದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ, ಅದೊಂದನ್ನೇ ತೆಗೆದುಕೊಂಡ ಆರೋಗ್ಯವಂತನಿಗೆ ಪ್ರಿಯಾಪಿಸಂ ಆಗುವುದು ಬಹಳ ಅಪರೂಪ. ತೊಂದರೆ ಬರುವುದು ಹೆಚ್ಚಾಗಿ ಬೆರಕೆಯಿಂದ: ಮಾತ್ರೆಯ ಮೇಲೆ ಇಂಜೆಕ್ಷನ್, ಮಾತ್ರೆಯ ಜತೆ ಕೊಕೇನಿನಂಥ ಮಾದಕ ಪದಾರ್ಥ, ಎರಡು ಮೂರು ಮಾತ್ರೆ ಒಟ್ಟಿಗೆ. ‘ಪೂರ್ತಿ ಗಿಡಮೂಲಿಕೆ’ ಎಂದು ಮಾರುವ ಪುಡಿ, ಕ್ಯಾಪ್ಸೂಲುಗಳಲ್ಲಿ ಸಿಲ್ಡೆನಾಫಿಲ್ ಬೆರೆಸಿರುವುದನ್ನು ಹಲವು ದೇಶಗಳ ಔಷಧ ನಿಯಂತ್ರಕರು ಮತ್ತೆ ಮತ್ತೆ ಪತ್ತೆಹಚ್ಚಿದ್ದಾರೆ. ತಾನು ಮೂಲಿಕೆ ನುಂಗಿದೆನೆಂದು ನಂಬಿದವನು, ವೈದ್ಯರು ಕೇಳಿದಾಗ ಯಾವ ಮಾತ್ರೆಯೂ ಇಲ್ಲವೆಂದು ಪ್ರಾಮಾಣಿಕವಾಗಿಯೇ ಹೇಳುತ್ತಾನೆ.

ಔಷಧಿಯ ಸೋಂಕೇ ಇಲ್ಲದೆ ಬರುವ ಪ್ರಿಯಾಪಿಸಂ ರಕ್ತದ ಕಾಯಿಲೆಯ ಸುಳಿವಾಗಿರಬಹುದು. ಜಗತ್ತಿನಲ್ಲಿ ಮಕ್ಕಳಿಗೆ ಇದು ಬರಲು ಬಹು ಮುಖ್ಯ ಕಾರಣ ಸಿಕಲ್ ಸೆಲ್ ಅನೀಮಿಯಾ, ಅಂದರೆ ಕುಡುಗೋಲು ಕಣ ರಕ್ತಹೀನತೆ. ಆಮ್ಲಜನಕ ಕಡಿಮೆಯಾದ ಕಡೆ ಈ ರೋಗಿಗಳ ಕೆಂಪು ರಕ್ತಕಣಗಳು ದುಂಡಗಿನ ಆಕಾರ ಬಿಟ್ಟು ಬಾಗಿ, ಗಡುಸಾಗಿ, ಒಂದಕ್ಕೊಂದು ತೊಡರಿಕೊಳ್ಳುತ್ತವೆ. ನಿಮಿರಿದ ಶಿಶ್ನದಲ್ಲಿ ರಕ್ತ ನಿಧಾನವಾಗಿ ಆಮ್ಲಜನಕ ಇಳಿಯುವುದರಿಂದ ಅಲ್ಲೇ ಜಾಮ್ ಆಗುತ್ತದೆ. ಭಾರತದಲ್ಲಿ ಈ ಕಾಯಿಲೆ ಮೊದಲು ಬೆಳಕಿಗೆ ಬಂದದ್ದು 1952ರಲ್ಲಿ, ನಮ್ಮ ಗಡಿಗೆ ಅಂಟಿಕೊಂಡೇ ಇರುವ ನೀಲಗಿರಿಯ ಬುಡಕಟ್ಟು ಜನರಲ್ಲಿ. ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಕಾಡಂಚಿನ ಸೋಲಿಗ, ಜೇನುಕುರುಬ ಮುಂತಾದ ಸಮುದಾಯಗಳಲ್ಲೂ ಇದೆ. ಕೇಂದ್ರ ಸರ್ಕಾರ 2023ರ ಜುಲೈಯಲ್ಲಿ ಇದರ ನಿರ್ಮೂಲನೆಗೆ ರಾಷ್ಟ್ರೀಯ ಅಭಿಯಾನವನ್ನೇ ಆರಂಭಿಸಿತು.

ಇವರಲ್ಲಿ ಪ್ರಿಯಾಪಿಸಂ ಬಿಟ್ಟು ಬಿಟ್ಟು ಬರುತ್ತದೆ. ರಾತ್ರಿ ನೀರು ಕುಡಿಯದೆ ಮಲಗಿ, ಬೆಳಗಿನ ಜಾವ ಒಂದೆರಡು ಗಂಟೆ ನೋವಿನಿಂದ ನಿಮಿರಿ ತಾನಾಗಿ ಇಳಿಯುತ್ತದೆ. ನಾಲ್ಕು ದಿನ ಬಿಟ್ಟು ಮತ್ತೆ ಬರುತ್ತದೆ. ಹತ್ತು ಹನ್ನೆರಡರ ಹುಡುಗನಿಗೆ ಇದನ್ನು ಯಾರಿಗೆ ಹೇಗೆ ಹೇಳಬೇಕೆಂದೇ ತಿಳಿಯುವುದಿಲ್ಲ, ಅಪ್ಪನೆದುರಂತೂ ಬಾಯಿ ಬಿಡುವುದಿಲ್ಲ. ಸಿಕಲ್ ಸೆಲ್ ಇರುವ ಗಂಡುಮಗುವಿನ ತಂದೆತಾಯಿಗೆ ವೈದ್ಯರೇ ಇದನ್ನು ಮುಂಚಿತವಾಗಿ ಬಿಡಿಸಿ ಹೇಳಬೇಕು, ಹುಡುಗನಿಗೂ ಹೇಳಬೇಕು. ಇಂಥ ಸಣ್ಣ ಆಕ್ರಮಣ ಶುರುವಾದಾಗ ಎದ್ದು ಮೂತ್ರ ಮಾಡಿ, ಚೆನ್ನಾಗಿ ನೀರು ಕುಡಿದು, ಸ್ವಲ್ಪ ಓಡಾಡುವುದರಿಂದ, ಬೆಚ್ಚನೆ ನೀರಿನ ಸ್ನಾನದಿಂದ ಎಷ್ಟೋ ಸಲ ಇಳಿಯುತ್ತದೆ. ಮಂಜುಗಡ್ಡೆ ಮಾತ್ರ ಇಡಲೇಬಾರದು, ತಂಪಿಗೆ ಆ ಕಣಗಳು ಇನ್ನಷ್ಟು ತೊಡರುತ್ತವೆ. ಎರಡು ಗಂಟೆಗೂ ಇಳಿಯದಿದ್ದರೆ ಆಸ್ಪತ್ರೆಯ ದಾರಿ ಹಿಡಿಯುವುದು ಒಳಿತು, ಏಕೆಂದರೆ ಹಾಡಿಯಿಂದ ಸೂಜಿ ಹಾಕಬಲ್ಲ ಆಸ್ಪತ್ರೆ ತಲುಪಲು ಇನ್ನೆರಡು ಗಂಟೆ ಬೇಕಾಗಬಹುದು. ಮತ್ತೆ ಮತ್ತೆ ಬರುವವರಿಗೆ ತಡೆಯುವ ಔಷಧಿಗಳಿವೆ, ಅದನ್ನು ರಕ್ತರೋಗ ತಜ್ಞರು ನಿರ್ಧರಿಸುತ್ತಾರೆ.

ಇನ್ನೊಂದು ರಕ್ತದ ಕ್ಯಾನ್ಸರ್. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ ಬಿಳಿ ರಕ್ತಕಣಗಳ ಎಣಿಕೆ ಲಕ್ಷಗಳಿಗೆ ಏರಿ ರಕ್ತ ಮಂದವಾಗುತ್ತದೆ. ಆರಾಮಾಗಿ ಓಡಾಡಿಕೊಂಡಿದ್ದ ಯುವಕನೊಬ್ಬನಿಗೆ ಕ್ಯಾನ್ಸರಿನ ಮೊದಲ ಲಕ್ಷಣವಾಗಿ ಪ್ರಿಯಾಪಿಸಂ ಬಂದ ವರದಿಗಳು ವೈದ್ಯಕೀಯ ನಿಯತಕಾಲಿಕಗಳಲ್ಲಿ ಸಾಕಷ್ಟಿವೆ, ಭಾರತದಿಂದಲೂ. ಆದ್ದರಿಂದ ಪ್ರಿಯಾಪಿಸಂ ಬಂದವರೆಲ್ಲರಿಗೂ, ಕಾರಣ ಸ್ಪಷ್ಟವಾಗಿ ಕಂಡರೂ, ಸಾಮಾನ್ಯ ರಕ್ತಕಣ ಎಣಿಕೆಯ ಪರೀಕ್ಷೆ ಮಾಡಿಸುತ್ತಾರೆ. ಸೂಜಿ ಹಾಕಿ ಇಳಿಸಿದ ಮೇಲೆ ಪರೀಕ್ಷೆಯೇ ಮಾಡದೆ ಮನೆಗೆ ಕಳಿಸುತ್ತಿದ್ದರೆ ರೋಗಿಯೇ ಕೇಳಿ ಮಾಡಿಸಿಕೊಳ್ಳಬಹುದು. ಈ ಬಗೆಯ ಕ್ಯಾನ್ಸರಿಗೆ ಈಗ ಮಾತ್ರೆಯಲ್ಲೇ ಒಳ್ಳೆಯ ಚಿಕಿತ್ಸೆ ಇದೆ.

ಕಾರಣ ತಿಳಿಯದೆಯೇ ಉಳಿಯುವ ಪ್ರಸಂಗಗಳೂ ಇವೆ. ಚೇಳು ಕಚ್ಚಿದಾಗ, ಅದರಲ್ಲೂ ಕೆಂಪು ಚೇಳು ಕಚ್ಚಿದ ಮಕ್ಕಳಲ್ಲಿ, ಮೈ ಬೆವರಿ, ವಾಂತಿಯಾಗಿ, ಕೈಕಾಲು ತಣ್ಣಗಾಗುವುದರ ಜತೆಗೆ ಶಿಶ್ನ ನಿಮಿರುವುದುಂಟು. ಅಲ್ಲಿ ಅದು ವಿಷ ಮೈಗೇರಿದೆ ಎಂಬುದರ ಗುರುತು. ಹೃದಯ ಮತ್ತು ಶ್ವಾಸಕೋಶ ಅಪಾಯದಲ್ಲಿವೆ ಎಂದು ತಿಳಿದು ಮಗುವನ್ನು ಎತ್ತಿಕೊಂಡು ಓಡಬೇಕು.

ಇಷ್ಟು ಹೊತ್ತು ಹೇಳಿದ್ದೆಲ್ಲ ರಕ್ತ ಹೊರಹೋಗಲಾರದೆ ಸಿಕ್ಕಿಬೀಳುವ ಬಗೆಯದು. ನೂರರಲ್ಲಿ ತೊಂಬತ್ತೈದರಷ್ಟು ಪ್ರಿಯಾಪಿಸಂ ಇದೇ. ಉಳಿದದ್ದರ ಸ್ವಭಾವ ಪೂರ್ತಿ ಬೇರೆ. ಸೈಕಲ್ಲಿನ ಅಡ್ಡಪಟ್ಟಿಯ ಮೇಲೆ ಕಾಲು ಜಾರಿ ಬಿದ್ದಾಗ, ಬೈಕಿನ ಟ್ಯಾಂಕಿಗೆ ತೊಡೆಸಂದು ಬಲವಾಗಿ ಬಡಿದಾಗ ಒಳಗಿನ ಶುದ್ಧರಕ್ತದ ನಾಳ ಹರಿದು, ರಕ್ತ ಎಗ್ಗಿಲ್ಲದೆ ಗೂಡುಗಳಿಗೆ ಸುರಿಯತೊಡಗುತ್ತದೆ. ಇದು ಪೆಟ್ಟು ಬಿದ್ದ ಕೂಡಲೇ ಕಾಣದೆ ಕೆಲವು ದಿನ ಬಿಟ್ಟು ಶುರುವಾಗುವುದೂ ಉಂಟು. ಶಿಶ್ನ ಅರ್ಧಂಬರ್ಧ ನಿಮಿರಿರುತ್ತದೆ, ಒತ್ತಿದರೆ ಬಗ್ಗುತ್ತದೆ, ನೋವು ಇರುವುದಿಲ್ಲ. ಹೊಸ ರಕ್ತ ಬರುತ್ತಲೇ ಇರುವುದರಿಂದ ಅಂಗಾಂಶ ಸಾಯುವುದಿಲ್ಲ, ಸೂಜಿಯಿಂದ ತೆಗೆದರೆ ಬರುವ ರಕ್ತವೂ ಕೆಂಪಗಿರುತ್ತದೆ. ಇದಕ್ಕೆ ಗಂಟೆಗಳ ಗಡುವಿಲ್ಲ. ಹಲವರಲ್ಲಿ ವಾರಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಆಗದಿದ್ದರೆ ತೊಡೆಯ ಅಥವಾ ಕೈಯ ನಾಳದಿಂದ ಸಣ್ಣ ನಳಿಕೆ ತೂರಿಸಿ ಹರಿದ ಜಾಗವನ್ನು ಮುಚ್ಚುತ್ತಾರೆ. ಆದರೆ ತನ್ನದು ಯಾವ ಬಗೆಯೆಂದು ಮನೆಯಲ್ಲಿ ಕೂತು ತೀರ್ಮಾನಿಸುವ ಕೆಲಸ ರೋಗಿಯದಲ್ಲ. ಪೆಟ್ಟು ಬಿದ್ದಿದ್ದರೂ ನೋವಿಲ್ಲದಿದ್ದರೂ 4 ಗಂಟೆ ದಾಟಿದರೆ ಆಸ್ಪತ್ರೆಗೆ ಹೋಗಬೇಕು. ಒಂದು ಸಿರಿಂಜ್ ರಕ್ತ ಮತ್ತು ಒಂದು ಡಾಪ್ಲರ್ ಸ್ಕ್ಯಾನಿನಿಂದ ವೈದ್ಯರು ಅದನ್ನು ಅರ್ಧ ಗಂಟೆಯಲ್ಲಿ ಹೇಳಬಲ್ಲರು.